ಅಜ್ಜಿಯ ಮೊದಲ ಸ್ಮಾರ್ಟ್‌ಫೋನು, ಮೂರಕ್ಷರದ ಒಗಟು: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತಾಯಿಗೆ ಈಗ 74 ವರ್ಷ. ಧಾರವಾಡದ ಮನೆಗೆ ಬೀಗ ಹಾಕಿ ಪುಣೆಯ ಕೋಥ್ರೂಡ್‌ನಲ್ಲಿರುವ ನಮ್ಮ ಮನೆಗೆ ಬಂದ ಮೇಲೆ ಅವರ ಕೈಗೆ ಮೊದಲ ಸಲ ಸ್ಮಾರ್ಟ್‌ಫೋನು ಬಂದಿತು, ಮತ್ತು ಅದರಲ್ಲಿ ಕನ್ನಡ ಪದದ ಒಗಟು ಬಿಡಿಸುವುದನ್ನು 10 ವರ್ಷದ ನನ್ನ ಮಗಳು ಅವರಿಗೆ ಕಲಿಸಿದಳು. ಸೊಲ್ಲಾಪುರ, ಡೊಂಬಿವಲಿ, ಹುಬ್ಬಳ್ಳಿಗಳಲ್ಲಿರುವ ನೆಂಟರು ತಮ್ಮ ಮನೆಯ ಹಿರಿಯರಿಗೂ ಇದನ್ನು ಕಲಿಸಬೇಕೆಂದು ಫೋನು ಮಾಡಿ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುತ್ತಿರುವುದರಿಂದ ಉತ್ತರಗಳನ್ನು ಒಂದೆಡೆ ಬರೆದಿಡುತ್ತಿದ್ದೇನೆ. ಅಜ್ಜಿ ಮೊಮ್ಮಗಳ ಮಾತುಕತೆ ನಡೆದದ್ದು ಧಾರವಾಡದ ಕನ್ನಡದಲ್ಲಿ, ನಡುನಡುವೆ ಮಗಳ ಮರಾಠಿಯೂ ಸೇರಿಕೊಂಡು. ಎಲ್ಲರಿಗೂ ತಿಳಿಯಲೆಂದು ಅದನ್ನು ಬರಹದ ಕನ್ನಡಕ್ಕೆ ತಿರುಗಿಸಿದ್ದೇನೆ.

ಇದು ಯಾವ ಆಟ? ನಿಯಮವೇನು?

ಫೋನು ಮೂರು ಅಕ್ಷರದ ಒಂದು ಪದವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತದೆ. ಅದನ್ನು ಆರು ಯತ್ನಗಳಲ್ಲಿ ಕಂಡುಹಿಡಿಯಬೇಕು. ನಾವು ಮೂರು ಅಕ್ಷರದ ಯಾವುದಾದರೂ ಪದವನ್ನು ಬರೆದು ಒಪ್ಪಿಸಿದಾಗ ಪ್ರತಿಯೊಂದು ಮನೆಗೂ ಒಂದು ಬಣ್ಣ ಬರುತ್ತದೆ. ಹಸಿರು ಬಂದರೆ ಆ ಅಕ್ಷರ ಅದೇ ಜಾಗದಲ್ಲಿದೆ ಎಂದರ್ಥ. ಹಳದಿ ಬಂದರೆ ಅದೇ ಅಕ್ಷರ ಪದದಲ್ಲಿದೆ, ಆದರೆ ಬೇರೆ ಜಾಗದಲ್ಲಿದೆ. ಬೂದು ಬಂದರೆ ಆ ಅಕ್ಷರದಿಂದ ಏನೂ ಸಿಗಲಿಲ್ಲ. ನಾವು ಆಡುವ ಆಟದಲ್ಲಿ ನಾಲ್ಕನೆಯದಾಗಿ ನೀಲಿ ಬಣ್ಣವೂ ಇದೆ; ಅದರ ವಿಷಯ ಮುಂದೆ ಬರುತ್ತದೆ.

ಈ ಮಾದರಿಯ ಮೂಲ ಇಂಗ್ಲಿಷಿನ ವರ್ಡಲ್. ಜೋಶ್ ವಾರ್ಡಲ್ ಎಂಬುವರು ತಮ್ಮ ಸಂಗಾತಿಗಾಗಿ ರೂಪಿಸಿದ ಆಟವನ್ನು 2021ರ ಅಕ್ಟೋಬರ್‌ನಲ್ಲಿ ಎಲ್ಲರಿಗೂ ತೆರೆದಿಟ್ಟರು, 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದನ್ನು ಕೊಂಡುಕೊಂಡಿತು. ಅಲ್ಲಿ ಐದು ಅಕ್ಷರ, ಆರು ಯತ್ನ. ಅದನ್ನು ಕನ್ನಡಕ್ಕೆ ತರುವಾಗ ಎದುರಾಗುವ ಮೊದಲ ತೊಡಕು ಅಕ್ಷರವೆಂದರೆ ಯಾವುದು ಎಂಬುದು.

ಹಾಗಾದರೆ ಕನ್ನಡದಲ್ಲಿ ಮೂರು ಅಕ್ಷರ ಎಂದರೆ ಹೇಗೆ ಎಣಿಸಬೇಕು?

ಇದನ್ನು ಅಜ್ಜಿಗೆ ಯಾರೂ ಕಲಿಸಬೇಕಾಗಲಿಲ್ಲ. ಪತ್ರಿಕೆಯ ಪದಬಂಧವನ್ನು ನಲವತ್ತು ವರ್ಷ ಪೆನ್ಸಿಲ್ ಹಿಡಿದು ತುಂಬಿದವರಿಗೆ ಒಂದು ಮನೆಗೆ ಒಂದು ಅಕ್ಷರ, ಅದರ ಕೊಂಬು, ದೀರ್ಘ, ಒತ್ತು ಎಲ್ಲವೂ ಅದೇ ಮನೆಯೊಳಗೆ ಎಂಬುದು ಉಸಿರಾಟದಷ್ಟು ಸಹಜವಾಗಿರುತ್ತದೆ. ತೊಡಕಾದದ್ದು ಕಲಿಸಲು ಕುಳಿತವಳಿಗೆ.

“ಅಜ್ಜಿ, ಮಜ್ಜಿಗೆ ಎಂದರೆ ಏಳು ಅಕ್ಷರ. ನಾನು ಏಳು ಸಲ ಒತ್ತಿದೆ” ಎಂದಳು ಮಗಳು.

“ಏಳು ಹೇಗಾಗುತ್ತದೆ? ಬಾಯಲ್ಲಿ ಹೇಳಿ ನೋಡು. ಮ, ಜ್ಜಿ, ಗೆ. ಮೂರೇ.”

“ಆದರೆ ಫೋನಿನಲ್ಲಿ ಏಳು.”

“ಫೋನು ಬೆರಳನ್ನು ಎಣಿಸುತ್ತದೆ, ನಾವು ನಾಲಿಗೆಯನ್ನು ಎಣಿಸುತ್ತೇವೆ.”

ಇಬ್ಬರೂ ಸರಿ. ಫೋನು ಪದವನ್ನು ಒಳಗೆ ಇಟ್ಟುಕೊಳ್ಳುವುದು ಯೂನಿಕೋಡ್ ಸಂಕೇತಗಳಾಗಿ, ಮತ್ತು ಆ ಲೆಕ್ಕದಲ್ಲಿ ಮಜ್ಜಿಗೆಯು ಹೀಗೆ ಬಿಡಿಯಾಗುತ್ತದೆ:

```
ಮ | ಜ  ್  ಜ  ಿ | ಗ  ೆ
```

ಮೊದಲ ಅಕ್ಷರಕ್ಕೆ ಒಂದು ಸಂಕೇತ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಎರಡು, ಒಟ್ಟು ಏಳು. ಕನ್ನಡ ಬಲ್ಲವರು ಮಾಡಿದ ಆಟ ಈ ಏಳನ್ನು ಮೂರು ಗುಂಪುಗಳಾಗಿ ಕೂಡಿಸಿ ಮೂರು ಮನೆಗಳಲ್ಲಿ ಇಡುತ್ತದೆ. ಇಂಗ್ಲಿಷ್ ಆಟವನ್ನು ಹಾಗೆಯೇ ನಕಲು ಮಾಡಿ ಪದಗಳನ್ನಷ್ಟೇ ಬದಲಿಸಿದ ಆಟವಾದರೆ ಸಂಕೇತಗಳನ್ನೇ ಎಣಿಸಿ, ಒಂದು ಮನೆಯಲ್ಲಿ ಜ, ಮುಂದಿನ ಮನೆಯಲ್ಲಿ ಬರೀ ಗುಡಿಸು ಎಂದು ಹರಡಿಬಿಡುತ್ತದೆ. ಹಿರಿಯರಿಗೆ ಆಟವನ್ನು ಹಾಕಿಕೊಡುವ ಮೊದಲು ಒತ್ತಕ್ಷರವಿರುವ ಒಂದು ಪದವನ್ನು ನೀವೇ ಬರೆದು ನೋಡಿರಿ. ಒತ್ತು ತನ್ನ ಅಕ್ಷರದ ಕೆಳಗೇ, ಒಂದೇ ಮನೆಯಲ್ಲಿ ಕುಳಿತರೆ ಆ ಆಟ ಉಪಯೋಗಕ್ಕೆ ಬರುತ್ತದೆ, ಇಲ್ಲದಿದ್ದರೆ ಅದನ್ನು ತೆಗೆದುಹಾಕಿರಿ.

ಒತ್ತಕ್ಷರವನ್ನು ಬರೆಯುವುದು ಅವರಿಗೆ ಹೇಗೆ ಬಂತು?

ಹೆಚ್ಚು ದಿನ ಹಿಡಿದದ್ದು ಇದೇ. ನಮ್ಮ ಫೋನಿನ ಕೀಲಿಮಣೆಯಲ್ಲಿ ವ್ಯಂಜನವನ್ನು ಒತ್ತಿ, ಅರ್ಧಾಕ್ಷರದ ಚಿಹ್ನೆಯಾದ ್ ಅನ್ನು ಒತ್ತಿ, ಮತ್ತೆ ವ್ಯಂಜನವನ್ನು ಒತ್ತಬೇಕು, ಸ್ವರಚಿಹ್ನೆ ಕೊನೆಗೆ. ಕೈಬರಹದಲ್ಲಿ ಅಜ್ಜಿಯ ಕ್ರಮ ಬೇರೆ: ಅವರು ಮೊದಲು ಜಿ ಎಂದು ಗುಡಿಸು ಸಮೇತ ಬರೆದು ಆಮೇಲೆ ಕೆಳಗೆ ಒತ್ತು ಕೊಡುತ್ತಾರೆ. ಅದೇ ಅಭ್ಯಾಸದಲ್ಲಿ ಅವರು ಜ, ಗುಡಿಸು, ಆಮೇಲೆ ಅರ್ಧಾಕ್ಷರದ ಚಿಹ್ನೆ ಎಂದು ಒತ್ತಿದಾಗ ಅಕ್ಷರ ಕೂಡಿಕೊಳ್ಳಲಿಲ್ಲ. ಮಗಳು ಹೇಳಿಕೊಟ್ಟ ಉಪಾಯವೆಂದರೆ ಕೈಯಲ್ಲಿ ಬರೆಯುವ ಕ್ರಮವನ್ನು ಮರೆತು, ಬಾಯಲ್ಲಿ ಬಿಡಿಸಿ ಹೇಳುವ ಕ್ರಮವನ್ನು ಹಿಡಿಯುವುದು: “ಜ್, ಜ್, ಇ.” ಸಂಧಿ ಬಿಡಿಸಿದಂತೆ ಎಂದು ಅಜ್ಜಿ ಅದನ್ನು ಒಪ್ಪಿಕೊಂಡರು.

ಅರ್ಕಾವೊತ್ತಿನ ದಿನ ಮಾತ್ರ ಸಣ್ಣ ಜಗಳವೇ ಆಯಿತು. ಸೂರ್ಯ ಎಂದು ಬರೆಯಬೇಕಿತ್ತು. ಅಜ್ಜಿ ಸೂ ಬರೆದು, ಯ ಒತ್ತಿ, ಆಮೇಲೆ ಅರ್ಕಾವೊತ್ತನ್ನು ಹುಡುಕತೊಡಗಿದರು, ಏಕೆಂದರೆ ಹಾಳೆಯ ಮೇಲೆ ಅದು ಯಕಾರದ ಬಲಕ್ಕೆ ಕೊನೆಯಲ್ಲಿ ಬೀಳುತ್ತದೆ. ಕೀಲಿಮಣೆಯಲ್ಲಿ ಆ ಚಿಹ್ನೆ ಎಲ್ಲಿಯೂ ಇರಲಿಲ್ಲ.

“ಅಜ್ಜಿ, ಮೊದಲು ರ ಒತ್ತು. ಆಮೇಲೆ ಅರ್ಧ ಮಾಡುವುದು. ಆಮೇಲೆ ಯ.”

“ರ ಮೊದಲು ಬಂದರೆ ಅದು ಸೂರಯ ಆಗುತ್ತದೆ.”

“ಒಮ್ಮೆ ಒತ್ತಿ ನೋಡು.”

ಅಜ್ಜಿ ಒತ್ತಿದರು. ಪರದೆಯ ಮೇಲೆ ಮೊದಲು ರ್ ಎಂದು ಕಂಡದ್ದು, ಯ ಒತ್ತುತ್ತಲೇ ಬಲಕ್ಕೆ ಹಾರಿ ಅರ್ಕಾವೊತ್ತಾಗಿ ಕುಳಿತುಕೊಂಡಿತು. “ಇದು ಓಡಿ ಹೋತಲ್ಲ!” ಎಂದು ಅವರು ಗಾಬರಿಯಿಂದ ಫೋನನ್ನು ಹಾಸಿಗೆಯ ಮೇಲೆ ಇಟ್ಟುಬಿಟ್ಟರು. ಫೋನು ಉಚ್ಚಾರದ ಕ್ರಮದಲ್ಲಿ ಅಕ್ಷರಗಳನ್ನು ಕೇಳುತ್ತದೆ, ಕಣ್ಣಿಗೆ ಕಾಣುವ ರೂಪವನ್ನು ತಾನೇ ಜೋಡಿಸಿಕೊಳ್ಳುತ್ತದೆ ಎಂಬುದು ಆ ದಿನ ಇತ್ಯರ್ಥವಾಯಿತು. ಮಗಳಿಗೆ ಇದು ವಿಚಿತ್ರವೆನಿಸಿರಲಿಲ್ಲ. ಮರಾಠಿಯಲ್ಲಿಯೂ ಅವಳು ರ ಒತ್ತಿದ ಮೇಲೆಯೇ ಅದು ಮುಂದಿನ ಅಕ್ಷರದ ತಲೆಯ ಮೇಲೆ ಏರುವುದನ್ನು ಕಂಡಿದ್ದಳು.

ಅಳಿಸುವ ಗುಂಡಿಯ ಬಗ್ಗೆಯೂ ಮೊದಲೇ ಎಚ್ಚರಿಸಿಡಿ. ಒಂದು ಸಲ ಒತ್ತಿದರೆ ಇಡೀ ಅಕ್ಷರ ಹೋಗುವುದಿಲ್ಲ, ಕೊನೆಯ ಸಂಕೇತವಷ್ಟೇ ಹೋಗುತ್ತದೆ. ಜ್ಜಿ ಎಂಬುದು ಮೊದಲು ಜ್ಜ ಆಗುತ್ತದೆ, ಆಮೇಲೆ ಜ್, ಆಮೇಲೆ ಜ. ಇದನ್ನು ತಿಳಿಯದ ಅಜ್ಜಿ ಒಮ್ಮೆ ಒತ್ತಿ, ಅಕ್ಷರ ಉಳಿದದ್ದನ್ನು ಕಂಡು ಫೋನು ಕೆಟ್ಟಿದೆ ಎಂದು ಭಾವಿಸಿದ್ದರು. ತಿಳಿದ ಮೇಲೆ ಅದೇ ಅನುಕೂಲವಾಯಿತು: ಗುಡಿಸು ತಪ್ಪಿದ್ದರೆ ಅದೊಂದನ್ನೇ ತೆಗೆದು ಬೇರೆ ಸ್ವರ ಹಾಕಬಹುದು.

ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಕನ್ನಡ ತಾನಾಗಿ ಬರುತ್ತದಲ್ಲ, ಅದು ಸುಲಭವಲ್ಲವೇ?

ನನಗೂ ನಿಮಗೂ ಸುಲಭ. `majjige` ಎಂದು ಬರೆದು ಮಜ್ಜಿಗೆ ಪಡೆಯುವುದಕ್ಕೆ ಮೊದಲು ಆ ಪದವನ್ನು ಇಂಗ್ಲಿಷಿನಲ್ಲಿ ಕಲ್ಪಿಸಿಕೊಳ್ಳಬೇಕು, ಮತ್ತು ಕನ್ನಡ ಶಾಲೆಯಲ್ಲಿ ಓದಿದವರಿಗೆ ಅದು ಎರಡು ಸಲ ದುಡಿದಂತೆ. ಲ ಮತ್ತು ಳ, ನ ಮತ್ತು ಣ ಬೇರೆ ಮಾಡುವಾಗ ಇನ್ನೂ ಗೊಂದಲ. ನಾವು ಮೂರು ದಿನ ಪ್ರಯತ್ನಿಸಿ ಬಿಟ್ಟೆವು.

ನೀಲಿ ಬಣ್ಣ ಏನನ್ನು ಹೇಳುತ್ತದೆ? ಅದು ಬೇಕೇ?

ಬೇಕೇ ಬೇಕು. ಇಂಗ್ಲಿಷಿನಲ್ಲಿ ಊಹಿಸಬೇಕಾದ ಅಕ್ಷರಗಳು 26. ಕನ್ನಡದಲ್ಲಿ 34 ವ್ಯಂಜನಗಳಿಗೆ 13 ಸ್ವರಗಳನ್ನು ಕೂಡಿಸಿದರೆ ಕಾಗುಣಿತವೇ 442 ಆಗುತ್ತದೆ, ಒತ್ತಕ್ಷರಗಳ ಲೆಕ್ಕ ಅದರ ಮೇಲೆ. ಇಷ್ಟು ದೊಡ್ಡ ರಾಶಿಯಲ್ಲಿ ಸರಿಯಾದ ಅಕ್ಷರವೇ ಸಿಕ್ಕರೆ ಮಾತ್ರ ಬಣ್ಣ ಎಂದರೆ ಆರು ಯತ್ನಗಳೂ ಬೂದಿಯಾಗಿ ಹೋಗುತ್ತವೆ. ಆದ್ದರಿಂದ ನಮ್ಮ ಆಟದಲ್ಲಿ, ಆ ಜಾಗದ ವ್ಯಂಜನ ಸರಿಯಿದ್ದು ಸ್ವರವೋ ಒತ್ತೋ ಬೇರೆಯಾಗಿದ್ದರೆ ನೀಲಿ ಬರುತ್ತದೆ. ಒತ್ತಕ್ಷರವಾಗಿದ್ದರೆ ಮೊದಲು ಉಚ್ಚರಿಸುವ ವ್ಯಂಜನವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಸ್ವರ ಸರಿಯಿದ್ದು ವ್ಯಂಜನ ತಪ್ಪಿದ್ದರೆ ಏನೂ ಹೇಳುವುದಿಲ್ಲ. ಬೇರೆ ಆಟಗಳಲ್ಲಿ ಈ ಅರ್ಧ ಸುಳಿವು ಬೇರೆ ಬಣ್ಣದಲ್ಲಿ ಇರಬಹುದು, ಇಲ್ಲದೆಯೂ ಇರಬಹುದು.

ಒಂದು ಸಂಜೆ ಅಜ್ಜಿ ಮಸಾಲೆ ಎಂದು ಹಾಕಿದರು. ಮ ನೀಲಿ, ಸಾ ನೀಲಿ, ಲೆ ಬೂದು. ಮೊದಲ ಮನೆಯಲ್ಲಿ ಮಕಾರವಿದೆ ಆದರೆ ಬರೀ ಮ ಅಲ್ಲ, ಎರಡನೆಯದರಲ್ಲಿ ಸಕಾರವಿದೆ ಆದರೆ ಸಾ ಅಲ್ಲ, ಮೂರನೆಯದು ಲಕಾರವೇ ಅಲ್ಲ ಎಂದು ಅವರು ಓದಿಕೊಂಡು, ಮೀಸಲು ಎಂಬುದನ್ನು ಲಕಾರದ ಕಾರಣಕ್ಕೆ ಬಿಟ್ಟು, ಮೊಸರು, ಮೊಸಳೆ, ಮುಸುಕು ಎಂದು ಬೆರಳು ಮಡಿಚತೊಡಗಿದರು. ಮಗಳು ಆತುರದಿಂದ ಫೋನು ತೆಗೆದುಕೊಂಡು ಮೋಸರು ಎಂದು ಬರೆದಳು. ಅಂಥ ಪದವಿಲ್ಲ ಎಂದಿತು ಆಟ.

“ಮೊಸರು ಎಂಬ ಪದವೇ ಇದಕ್ಕೆ ಗೊತ್ತಿಲ್ಲ” ಎಂದು ಅವಳು ಮುಖ ಊದಿಸಿಕೊಂಡಳು.

“ನೀನು ಬರೆದದ್ದು ಮೋಸ. ಮೊಸರು ಬರೆ.”

ಇಲ್ಲಿ ನಗುವುದಕ್ಕಿಂತ ಕಾರಣ ತಿಳಿಯುವುದು ಒಳ್ಳೆಯದು. ನಮ್ಮ ಮಕ್ಕಳು ಶಾಲೆಯಲ್ಲಿ ಮರಾಠಿ ಮತ್ತು ಹಿಂದಿಯನ್ನು ದೇವನಾಗರಿಯಲ್ಲಿ ಕಲಿಯುತ್ತಾರೆ, ಮತ್ತು ಆ ಬರಹದಲ್ಲಿ ಎ ಮತ್ತು ಏ, ಒ ಮತ್ತು ಓ ಎಂಬ ಭೇದವನ್ನು ತೋರಿಸುವ ರೂಢಿಯಿಲ್ಲ. ಎರಡಕ್ಕೂ ಒಂದೇ ಚಿಹ್ನೆ. ಮಾತಿನಲ್ಲಿ ಬೆಳೆ ಮತ್ತು ಬೇಳೆಯನ್ನು ಸರಿಯಾಗಿ ಬೇರೆ ಮಾಡುವ ಮಗು ಬರೆಯುವಾಗ ಎರಡನ್ನೂ ಒಂದು ಮಾಡುವುದು ಇದೇ ಕಾರಣದಿಂದ. ಳಕಾರದಲ್ಲಿ ಈ ತಪ್ಪು ಆಗುವುದಿಲ್ಲ, ಏಕೆಂದರೆ ಅದು ಮರಾಠಿಯಲ್ಲಿಯೂ ಇದೆ. ಅಂದಿನಿಂದ ದೀರ್ಘ ಹ್ರಸ್ವಗಳ ತೀರ್ಪು ಅಜ್ಜಿಯದು ಎಂದು ಮನೆಯಲ್ಲಿ ಒಪ್ಪಂದವಾಗಿದೆ.

ಒಂದು ಆಟವನ್ನು ಮೊದಲಿನಿಂದ ಕೊನೆಯವರೆಗೆ ಹೇಳಬಹುದೇ?

ಕಳೆದ ತಿಂಗಳ ಒಂದು ಆಟ ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ನಾನು ಪಕ್ಕದಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತ ಕುಳಿತಿದ್ದೆ ಮತ್ತು ಬಾಯಿ ಹಾಕಬಾರದೆಂದು ನನಗೆ ಆಜ್ಞೆಯಾಗಿತ್ತು.

ಅಜ್ಜಿ ಯಾವಾಗಲೂ ಸಂಪಿಗೆ ಎಂಬ ಪದದಿಂದ ಆರಂಭಿಸುತ್ತಾರೆ. ಹೂವಿನ ಮೇಲಿನ ಪ್ರೀತಿಯ ಜೊತೆಗೆ ಅದಕ್ಕೊಂದು ಲೆಕ್ಕಾಚಾರವೂ ಇದೆ: ಮಲ್ಲಿಗೆ, ಹೋಳಿಗೆ, ಬಾಡಿಗೆ, ದೀವಿಗೆ, ಅಡುಗೆ ಎಂದು ಗೆ ಎಂಬುದರಲ್ಲಿ ಕೊನೆಗೊಳ್ಳುವ ಮೂರಕ್ಷರದ ಹೆಸರುಗಳು ಕನ್ನಡದಲ್ಲಿ ಧಾರಾಳವಾಗಿವೆ, ಆದ್ದರಿಂದ ಮೊದಲ ಯತ್ನದಲ್ಲೇ ಕೊನೆಯ ಮನೆಯನ್ನು ಪರೀಕ್ಷಿಸಿದಂತಾಗುತ್ತದೆ. ಅಂದು ಸಂ ಬೂದು, ಪಿ ಬೂದು, ಗೆ ಹಸಿರು ಬಂದವು.

“ಗೆ ಸಿಕ್ಕಿತು. ಈಗ ಮಲ್ಲಿಗೆ ಹಾಕೋಣ” ಎಂದರು ಅಜ್ಜಿ. ಮ ಹಸಿರು, ಲ್ಲಿ ಬೂದು, ಗೆ ಹಸಿರು.

ಎರಡೇ ಯತ್ನಗಳಲ್ಲಿ ಎರಡು ಮನೆಗಳು ತುಂಬಿದ್ದನ್ನು ಕಂಡು ಮಗಳು ಕುಣಿಯತೊಡಗಿದಳು. “ಮನೆಗೆ! ಅಜ್ಜಿ, ಮನೆಗೆ ಹಾಕು.”

“ಮನೆಗೆ ಎಂಬುದು ಪದವಲ್ಲ, ಪುಟ್ಟಿ. ಮನೆ ಪದ, ಗೆ ಅದಕ್ಕೆ ಹತ್ತಿದ ಪ್ರತ್ಯಯ. ಮನೆಗೆ, ಮರಕ್ಕೆ, ಮಣಿಗೆ ಎಂದು ಹೋದರೆ ಕೊನೆಯೇ ಇಲ್ಲ. ಪದಬಂಧದಲ್ಲಿಯೂ ಹಾಗೆ ಕೊಡುವುದಿಲ್ಲ.”

“ಮತ್ತೆ ಯಾವುದು?”

“ಮಳಿಗೆ ಇದೆ, ಅಂಗಡಿ. ಮಜ್ಜಿಗೆ ಇದೆ. ಮರಿಗೆ ಇದೆ.”

“ಮರಿಗೆ ಎಂದರೆ ಮರಿಯ ಸಲುವಾಗಿ ತಾನೇ? ಅದೂ ಪ್ರತ್ಯಯ!”

“ಅದು ಬೇರೆ. ಮರವನ್ನು ಕೊರೆದು ಮಾಡಿದ ಬಾನಿಗೆ ಮರಿಗೆ ಎನ್ನುತ್ತಾರೆ. ನಿನ್ನ ಅಮ್ಮನೂ ನೋಡಿರಲಿಕ್ಕಿಲ್ಲ.”

ನಾನು ನೋಡಿರಲಿಲ್ಲ. ಸುಮ್ಮನೆ ಸೊಪ್ಪು ಬಿಡಿಸಿದೆ.

ಮೂರು ಪದಗಳೂ ನಡುವಿನ ಮನೆಯಲ್ಲಿ ಮಾತ್ರ ಬೇರೆ. ಒಂದೊಂದಾಗಿ ಹಾಕಿ ನೋಡೋಣ ಎಂದು ಮಗಳು ಹೇಳಿದಾಗ ಅಜ್ಜಿ ಸ್ವಲ್ಪ ಹೊತ್ತು ಛಾವಣಿ ನೋಡಿ, ಅರಳಿ ಎಂದು ಬರೆದರು. ಅದು ಉತ್ತರವಾಗಲು ಸಾಧ್ಯವೇ ಇಲ್ಲ, ಮೊದಲ ಅಕ್ಷರ ಮ ಎಂದು ಗೊತ್ತಾಗಿದೆಯಲ್ಲ ಎಂದು ಮಗಳು ಕೂಗಿದಳು. “ಗೊತ್ತಿದೆ. ಇದು ಕೇಳುವ ಪದ, ಹೇಳುವ ಪದವಲ್ಲ” ಎಂದರು ಅಜ್ಜಿ. ಅರಳಿಯಲ್ಲಿ ರ ನಡುವಿನ ಮನೆಯಲ್ಲಿದೆ, ಆದ್ದರಿಂದ ಗುಟ್ಟಿನ ಪದ ಮರಿಗೆ ಆಗಿದ್ದರೆ ಅಲ್ಲಿ ನೀಲಿ ಬರಬೇಕು. ಳಿ ಕೊನೆಯ ಮನೆಯಲ್ಲಿದೆ, ಆದ್ದರಿಂದ ಪದ ಮಳಿಗೆ ಆಗಿದ್ದರೆ ಅಲ್ಲಿ ಹಳದಿ ಬರಬೇಕು. ಎರಡೂ ಬರದಿದ್ದರೆ ಉಳಿಯುವುದು ಮಜ್ಜಿಗೆ. ಮೂರು ಮನೆಗಳೂ ಬೂದಾದವು. ನಾಲ್ಕನೆಯ ಯತ್ನದಲ್ಲಿ ಮಜ್ಜಿಗೆ ಹಸಿರಾಯಿತು.

ಅರಳಿ ಹಾಕಿದ್ದರಿಂದ ನಿಜವಾಗಿ ಲಾಭವಾಯಿತೇ?

ಹುಬ್ಬಳ್ಳಿಯ ನನ್ನ ತಮ್ಮ ಇದನ್ನು ಕೇಳಿದ, ಮತ್ತು ಅವನ ಅನುಮಾನ ನ್ಯಾಯವಾದದ್ದು. ಮೂರು ಪದಗಳನ್ನು ಒಂದೊಂದಾಗಿ ಹಾಕುತ್ತ ಹೋಗಿದ್ದರೆ ಅದೃಷ್ಟವಿದ್ದರೆ ಮೂರನೆಯ ಯತ್ನದಲ್ಲಿ, ಇಲ್ಲದಿದ್ದರೆ ನಾಲ್ಕರಲ್ಲಿ ಅಥವಾ ಐದರಲ್ಲಿ ಆಟ ಮುಗಿಯುತ್ತಿತ್ತು, ಸರಾಸರಿ ನಾಲ್ಕು. ಅರಳಿಯ ದಾರಿಯಲ್ಲಿ ಯಾವಾಗಲೂ ನಾಲ್ಕು. ಸರಾಸರಿಯಲ್ಲಿ ಎರಡೂ ಒಂದೇ, ಮತ್ತು ಇನ್ನೂ ನಾಲ್ಕು ಯತ್ನಗಳು ಕೈಯಲ್ಲಿದ್ದುದರಿಂದ ಸೋಲುವ ಭಯವೂ ಇರಲಿಲ್ಲ. ಅಂದರೆ ಆ ದಿನದ ಮಟ್ಟಿಗೆ ಅದು ಅಜ್ಜಿಯ ಸ್ವಭಾವವೇ ಹೊರತು ಲಾಭವಲ್ಲ. ಉಪ್ಪನ್ನೂ ಅಂದಾಜಿಗೆ ಹಾಕದವರು ಅವರು.

ಇದೇ ಸ್ಥಿತಿ ನಾಲ್ಕು ಯತ್ನಗಳು ಮುಗಿದ ಮೇಲೆ ಬಂದಿದ್ದರೆ ಮಾತು ಬೇರೆ. ಕೈಯಲ್ಲಿ ಎರಡು ಯತ್ನ, ಮುಂದೆ ಮೂರು ಪದ ಎಂದಾದಾಗ ಒಂದೊಂದಾಗಿ ಹಾಕಿದರೆ ಮೂರರಲ್ಲಿ ಒಂದು ಸಲ ಸೋಲುತ್ತೇವೆ. ಕೇಳುವ ಪದ ಹಾಕಿದರೆ ಸೋಲುವುದಿಲ್ಲ. ಮಗಳು ಈಗ ಇದನ್ನು ಯತ್ನಕ್ಕಿಂತ ಪದ ಹೆಚ್ಚಾದರೆ ಕೇಳು, ಇಲ್ಲದಿದ್ದರೆ ಹೇಳು ಎಂದು ನೆನಪಿಟ್ಟುಕೊಂಡಿದ್ದಾಳೆ. ಕೆಲವು ಆಟಗಳಲ್ಲಿ ಸಿಕ್ಕ ಹಸಿರನ್ನು ಬಿಡಬಾರದು ಎಂಬ ಕಠಿಣ ನಿಯಮವಿರುತ್ತದೆ. ಅಲ್ಲಿ ಈ ದಾರಿ ಮುಚ್ಚಿರುತ್ತದೆ.

ಸರಿಯಾದ ಪದ ಬರೆದರೂ ಆಟ ಒಪ್ಪುವುದಿಲ್ಲ. ಏಕೆ?

ಆಟದ ಬಳಿ ಒಂದು ಪದಪಟ್ಟಿ ಇರುತ್ತದೆ, ಅದರಲ್ಲಿಲ್ಲದ್ದು ಅದಕ್ಕೆ ಪದವಲ್ಲ. ಪಟ್ಟಿಯಲ್ಲಿ ಈರುಳ್ಳಿ ಇದ್ದು ನೀರುಳ್ಳಿ ಇಲ್ಲದಿರಬಹುದು. ನಮ್ಮ ಕಡೆಯ ಉಳ್ಳಾಗಡ್ಡಿಯನ್ನಂತೂ ಯಾರೂ ಕೇಳುವುದಿಲ್ಲ ಎಂದು ಅಜ್ಜಿಗೆ ಬೇಸರವಿದೆ. ಅದು ಐದು ಅಕ್ಷರ, ಹೇಗೂ ಈ ಆಟಕ್ಕೆ ಬರುವುದಿಲ್ಲ ಎಂದು ಮಗಳು ಸಮಾಧಾನ ಹೇಳಿದಾಗ ಬೆರಳು ಮಡಿಚಿ ಎಣಿಸಿ, “ಉ, ಳ್ಳಾ, ಗ, ಡ್ಡಿ, ನಾಲ್ಕು” ಎಂದು ತಿದ್ದಿದರು.

ಇದಕ್ಕಿಂತ ಮೋಸದ ಕಾರಣ ಸೊನ್ನೆಯದು. ಒಂದು ವಾರ ಅಜ್ಜಿಯ ಮೆಚ್ಚಿನ ಸಂಪಿಗೆಯನ್ನೇ ಆಟ ಒಪ್ಪಲಿಲ್ಲ. ಬರೆದ ಅಕ್ಷರಗಳು ಕಣ್ಣಿಗೆ ಸರಿಯಾಗಿಯೇ ಇದ್ದವು. ಮಗಳು ಬರೆದರೆ ಒಪ್ಪುತ್ತಿತ್ತು, ಅಜ್ಜಿ ಬರೆದರೆ ಇಲ್ಲ. ಮನೆಗಳನ್ನು ಎಣಿಸಿದಾಗ ಗುಟ್ಟು ಹೊರಬಿತ್ತು: ಅಜ್ಜಿಯ ಪದದಲ್ಲಿ ಸೊನ್ನೆ ತನ್ನದೇ ಮನೆಯಲ್ಲಿ ಪ್ರತ್ಯೇಕವಾಗಿ ಕುಳಿತು, ಗೆ ಎಂಬುದಕ್ಕೆ ಜಾಗವೇ ಉಳಿದಿರಲಿಲ್ಲ. ಅನುಸ್ವಾರವನ್ನು ನಾವು ಬಾಯಲ್ಲಿ ಸೊನ್ನೆ ಎನ್ನುತ್ತೇವೆ, ಆದ್ದರಿಂದ ಅವರು ಅಂಕಿಗಳ ಪುಟಕ್ಕೆ ಹೋಗಿ ಕನ್ನಡದ ಅಂಕಿ ೦ ಅನ್ನು ಹಾಕುತ್ತಿದ್ದರು. ಅಂಕಿಯ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ ಆದರೂ ಯೂನಿಕೋಡ್‌ನಲ್ಲಿ ಬೇರೆ ಬೇರೆ: ಅನುಸ್ವಾರ `U+0C82`, ಅಂಕಿ `U+0CE6`. ಅನುಸ್ವಾರ ಹಿಂದಿನ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ, ಅಂಕಿ ಅಂಟಿಕೊಳ್ಳುವುದಿಲ್ಲ.

“ಇಷ್ಟು ದಿನ ನಾನು ಹೂವಿನ ನಡುವೆ ಲೆಕ್ಕ ಬರೆದಿದ್ದೆನೇ?” ಎಂದು ಅಜ್ಜಿ ನಕ್ಕರು. ಸ್ವರಚಿಹ್ನೆಗಳ ಸಾಲಿನಲ್ಲಿರುವ ಸೊನ್ನೆಯನ್ನೇ ಒತ್ತಬೇಕು ಎಂದು ಮಗಳು ಕಾಗದದ ಮೇಲೆ ಚಿತ್ರ ಬರೆದು ಗೋಡೆಗೆ ಅಂಟಿಸಿದ್ದಾಳೆ.

ಕೀಲಿಮಣೆ ಮೇಲ್ಗಡೆ ಸೂಚಿಸುವ ಪದವನ್ನು ಮುಟ್ಟಿದಾಗ ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಕೊಳ್ಳುವುದೂ ಉಂಟು. ಅಳಿಸುವ ಗುಂಡಿಯನ್ನು ಒಮ್ಮೆ ಒತ್ತಿದರೆ ಅದು ಹೋಗುತ್ತದೆ.

ಒತ್ತು ಕಾಣುವುದಿಲ್ಲ, ಬಣ್ಣ ತಿಳಿಯುವುದಿಲ್ಲ ಎನ್ನುತ್ತಾರೆ. ಕಣ್ಣಿನ ದೋಷವೇ?

ಕಣ್ಣಿನ ವೈದ್ಯರ ಬಳಿ ಹೋಗುವ ಮೊದಲು ಎರಡು ಸಂಗತಿಗಳನ್ನು ನೋಡಿರಿ. ಹಿರಿಯರ ಫೋನಿನಲ್ಲಿ ಅಕ್ಷರದ ಗಾತ್ರವನ್ನು ನಾವು ಪ್ರೀತಿಯಿಂದ ಅತ್ಯಂತ ದೊಡ್ಡದು ಮಾಡಿಟ್ಟಿರುತ್ತೇವೆ. ಆದರೆ ಆಟದ ಮನೆಯ ಎತ್ತರ ಬೆಳೆಯದೆ ಅಕ್ಷರ ಮಾತ್ರ ಬೆಳೆದರೆ ಕೆಳಗಿನ ಒತ್ತು ಮನೆಯ ಗಡಿಯಲ್ಲಿ ಕತ್ತರಿಸಿಹೋಗಿ, ಜ್ಜಿ ಎಂಬುದು ಜಿ ಎಂದೇ ಕಾಣುತ್ತದೆ. ಇಂಗ್ಲಿಷ್ ಅಕ್ಷರಗಳು ಗೆರೆಯ ಕೆಳಗೆ ಹೆಚ್ಚು ಇಳಿಯುವುದಿಲ್ಲವಾದ್ದರಿಂದ ಅಲ್ಲಿ ಈ ತೊಂದರೆ ಕಾಣಿಸುವುದಿಲ್ಲ. ಗಾತ್ರವನ್ನು ಒಂದು ಹಂತ ಇಳಿಸಿದರೆ ಒತ್ತು ಮರಳಿ ಬರುತ್ತದೆ.

ಬಣ್ಣದ ವಿಷಯ ನಮ್ಮನ್ನು ಹೆಚ್ಚು ಕಾಡಿಸಿತು. ಬೆಳಗ್ಗೆ ಸರಿಯಾಗಿ ಆಡುವ ಅಜ್ಜಿ ರಾತ್ರಿ ಊಟದ ನಂತರ ಆಡಿದರೆ ನೀಲಿಯನ್ನು ಬೂದು ಎಂದು ತಿಳಿದು ಒಳ್ಳೆಯ ಸುಳಿವನ್ನು ಕೈಬಿಡುತ್ತಿದ್ದರು. ವಯಸ್ಸಿನ ಆಯಾಸ ಎಂದು ನಾನು ಭಾವಿಸಿದ್ದೆ. ಮಗಳು ಎರಡು ಫೋನುಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದಾಗ ಅಜ್ಜಿಯ ಫೋನಿನ ಪರದೆ ಇಡಿಯಾಗಿ ಹಳದಿ ಛಾಯೆಗೆ ತಿರುಗಿತ್ತು. ರಾತ್ರಿ ನಿದ್ರೆಗೆ ತೊಂದರೆಯಾಗದಿರಲೆಂದು ನೀಲಿ ಬೆಳಕನ್ನು ತಗ್ಗಿಸುವ `Night Light` ವ್ಯವಸ್ಥೆ ಹೊತ್ತು ಮುಳುಗಿದ ಮೇಲೆ ತಾನಾಗಿ ಆರಂಭವಾಗುತ್ತಿತ್ತು, ಮತ್ತು ಅದು ಆಟದ ನೀಲಿಯನ್ನೂ ನುಂಗುತ್ತಿತ್ತು. ತೊಂದರೆ ಹಗಲಿನಲ್ಲಿ ಇಲ್ಲದೆ ರಾತ್ರಿ ಮಾತ್ರ ಇದ್ದರೆ ಮೊದಲು ಇದನ್ನೇ ಪರೀಕ್ಷಿಸಿ. ಹಗಲಿನಲ್ಲಿಯೂ ಬಣ್ಣಗಳು ಒಂದರಂತೆ ಒಂದು ಕಂಡರೆ ವೈದ್ಯರಿಗೆ ತೋರಿಸುವುದು ಸರಿ.

ಒಂದು ಅಕ್ಷರ ಒತ್ತಿದರೆ ಬೇರೆ ಏನೋ ತೆರೆದುಕೊಳ್ಳುತ್ತದೆ.

ಬೆರಳು ಹೆಚ್ಚು ಹೊತ್ತು ನಿಂತರೆ ಫೋನು ಅದನ್ನು ಒತ್ತಿ ಹಿಡಿದದ್ದು ಎಂದು ಭಾವಿಸಿ ಇನ್ನೊಂದು ಚಿಕ್ಕ ಪಟ್ಟಿಯನ್ನು ತೆರೆಯುತ್ತದೆ. ಆಂಡ್ರಾಯ್ಡ್ ಫೋನಿನ `Accessibility` ವಿಭಾಗದಲ್ಲಿ `Touch & hold delay` ಎಂಬುದನ್ನು ಹೆಚ್ಚಿಸಿದರೆ ಫೋನು ಸ್ವಲ್ಪ ತಾಳ್ಮೆ ಕಲಿಯುತ್ತದೆ. ಗುಂಡಿಯನ್ನು ಒತ್ತಬೇಡ, ಕುಂಕುಮ ಇಟ್ಟಂತೆ ಮುಟ್ಟಿ ಬಿಡು ಎಂದು ಮಗಳು ಹೇಳಿದ್ದು ಇದಕ್ಕಿಂತ ಬೇಗ ಕೆಲಸ ಮಾಡಿತು.

ಜಾಹೀರಾತುಗಳಿಂದ ಅಪಾಯವಿಲ್ಲವೇ?

ಇದೆ. ಆಟ ಇಂಟರ್ನೆಟ್ ಇಲ್ಲದೆ ನಡೆಯುವಂಥದ್ದಾದರೆ ಆಡುವ ಹೊತ್ತಿನಲ್ಲಿ ಡೇಟಾ ಮತ್ತು ವೈಫೈ ಆರಿಸಿಡಿ. ಅಜ್ಜಿಗೆ ನಾವು ಹೇಳಿರುವುದು ಇಷ್ಟೇ: ಒಗಟು ಪದವನ್ನು ಕೇಳುತ್ತದೆ, ಫೋನ್ ನಂಬರನ್ನಾಗಲಿ ಒಟಿಪಿಯನ್ನಾಗಲಿ ಎಂದೂ ಕೇಳುವುದಿಲ್ಲ.

ಮೊಮ್ಮಕ್ಕಳು ಉತ್ತರವನ್ನೇ ಹೇಳಿಬಿಟ್ಟರೆ ಏನು ಮಾಡುವುದು?

ನಮ್ಮ ಮನೆಯಲ್ಲಿ ಮೊದಲ ವಾರ ಇದೇ ಆಯಿತು. ಅಜ್ಜಿ ಯೋಚಿಸುವಷ್ಟರಲ್ಲಿ ಮಗಳ ಬೆರಳು ಗುಂಡಿಯ ಮೇಲಿರುತ್ತಿತ್ತು. ಆಮೇಲೆ ಅಜ್ಜಿಯೇ ಒಂದು ನಿಯಮ ಮಾಡಿದರು: ಫೋನನ್ನು ಮುಟ್ಟುವುದು ಅಜ್ಜಿ ಮಾತ್ರ, ಮೊಮ್ಮಗಳು ಕೈ ಹಿಂದೆ ಕಟ್ಟಿಕೊಂಡು ಬಾಯಲ್ಲಿ ಹೇಳಬೇಕು, ಮತ್ತು ಹೇಳುವಾಗ ಪದದ ಬದಲು ಕಾರಣ ಹೇಳಬೇಕು. “ಮಜ್ಜಿಗೆ” ಎನ್ನುವಂತಿಲ್ಲ, “ನಡುವೆ ರ ಇಲ್ಲ, ಳಿ ಇಲ್ಲ” ಎನ್ನಬಹುದು. ಇದಕ್ಕೆ ಪ್ರತಿಯಾಗಿ ಮಗಳು ಹಾಕಿದ ಷರತ್ತೆಂದರೆ, ಮರಿಗೆಯಂತಹ ತಾನು ಕೇಳಿರದ ಪದವನ್ನು ಅಜ್ಜಿ ಬರೆದರೆ ಅದರ ಅರ್ಥ ಹೇಳುವವರೆಗೆ ಒಪ್ಪಿಸುವ ಗುಂಡಿಯನ್ನು ಒತ್ತುವಂತಿಲ್ಲ. ಈ ಷರತ್ತಿನಿಂದಾಗಿ ಐದು ನಿಮಿಷದ ಆಟ ನಮ್ಮಲ್ಲಿ ಅರ್ಧ ಗಂಟೆ ಹಿಡಿಯುತ್ತದೆ, ಅಷ್ಟರಲ್ಲಿ ಪರದೆ ಎರಡು ಸಲ ಆರಿಹೋಗಿರುತ್ತದೆ. ಪರದೆ ಆರುವ ಅವಧಿಯನ್ನು ಹತ್ತು ನಿಮಿಷಕ್ಕೆ ಹೆಚ್ಚಿಸಿಕೊಂಡಿದ್ದೇವೆ.